ಹಾಸ್ಟೆಲಿಗೆ ಹೊರಟ ಸಹನಾಳಿಗೆ ಅಮ್ಮನ ಪತ್ರ

ಮಂಡ್ಯ
ಶನಿವಾರ ರಾತ್ರಿ

ಪ್ರೀತಿಯ ಸಹನಾ,

ಅಮ್ಮನ ಆಶೀರ್ವಾದಗಳು. ನೀನು ಮಲಗಿದ ಮೇಲೆ ಹೊಲಿಗೆ ಯಂತ್ರದ ಮೇಲೆಯೇ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ನಾಳೆ ಮೈಸೂರಿನಲ್ಲಿ ಅಪ್ಪ ಪಕ್ಕದಲ್ಲಿರುತ್ತಾರೆ, ವಾರ್ಡನ್ ಒಂದಾದ ಮೇಲೊಂದು ಕಾಗದ ಕೇಳುತ್ತಿರುತ್ತಾರೆ. ಆ ಗಡಿಬಿಡಿಯಲ್ಲಿ ನನಗೆ ಮಾತು ಹೊರಡುವುದಿಲ್ಲ. ಅದಕ್ಕೇ ಇದನ್ನು ನಿನ್ನ ಟವೆಲಿನ ಮಡಿಕೆಯೊಳಗೆ ಇಡುತ್ತಿದ್ದೇನೆ. ಜೊತೆಯಲ್ಲಿ 3,000 ರೂಪಾಯಿ ಇದೆ. ಬಾಕಿ ಬಟ್ಟೆಯನ್ನು ನೀನೇ ಕೊಂಡುಕೊಳ್ಳಬೇಕು.

ಮೊದಲು ಕಳೆದ ವಾರದ ವಿಷಯ. ಅಂಗಡಿಯಲ್ಲಿ ನೀನು ಆ ಗುಲಾಬಿ ಬಣ್ಣದ ನೆಟ್ ಗೌನ್ ಹಿಡಿದುಕೊಂಡಾಗ ಎಲ್ಲರೆದುರು ನಾನು ಗದರಿದೆ. ಅದು ತಪ್ಪು. ಮನೆಗೆ ಬರುವವರೆಗೂ ನೀನು ಮಾತಾಡಲಿಲ್ಲ, ನನಗೂ ಆ ರಾತ್ರಿ ನಿದ್ದೆ ಬರಲಿಲ್ಲ. ಬಣ್ಣ ನಿನಗೆ ಒಪ್ಪುತ್ತಿತ್ತು, ಬೆಲೆಯೂ ನಮ್ಮ ಕೈಗೆ ಎಟುಕದ್ದಾಗಿರಲಿಲ್ಲ. ಆದರೆ ಅದು ಒಂಟಿ ಬಟ್ಟೆ. ಅದರ ಒಳಗೆ ಬೇರೆ ಲಂಗ ಬೇಕು, ಅದಕ್ಕೆ ಹೊಂದುವ ಚಪ್ಪಲಿ ಬೇಕು, ತೊಳೆಯಲು ಬೇರೆ ಬಕೆಟ್ ಬೇಕು. ನಿನ್ನ ಬಳಿ ಇರುವ ಯಾವುದರ ಜೊತೆಗೂ ಅದು ಸೇರುವುದಿಲ್ಲ. ನಾಲ್ಕು ಹುಡುಗಿಯರಿಗೆ ಒಂದು ಕೋಣೆ, ತಲೆಗೊಂದು ಬೀರು, ಅದರಲ್ಲೂ ಅರ್ಧ ಜಾಗ ಪುಸ್ತಕಕ್ಕೆ. ಅಂಥ ಕಡೆ ಜೊತೆಯಿಲ್ಲದ ಬಟ್ಟೆಗೆ ಜಾಗ ಕೊಟ್ಟರೆ ದಿನವೂ ಉಡುವ ಬಟ್ಟೆ ಮಂಚದ ಕೆಳಗೆ ಹೋಗುತ್ತದೆ. ಇಷ್ಟನ್ನು ನಾನು ಅಂಗಡಿಯಲ್ಲೇ ಸಮಾಧಾನವಾಗಿ ಹೇಳಬೇಕಿತ್ತು.

ನನಗೆ ಈ ಭಯ ಎಲ್ಲಿಂದ ಬಂತು ಎಂದು ನಿನಗೆ ಹೇಳಿಲ್ಲ. ಹೊಲಿಗೆ ತರಬೇತಿಗೆ ಮೈಸೂರಿನ ಹಾಸ್ಟೆಲಿಗೆ ಸೇರಿದಾಗ ನನ್ನ ಹತ್ತಿರ ಎರಡು ಲಂಗ ದಾವಣಿ ಮತ್ತು ಒಂದು ಚೂಡಿದಾರ್ ಇದ್ದವು. ಮೂರೂ ಚೆನ್ನಾಗಿದ್ದವು, ಅಜ್ಜಿ ಹಾಲಿನ ದುಡ್ಡು ಕೂಡಿಟ್ಟು ಕೊಡಿಸಿದ್ದರು. ಒಂದರ ದಾವಣಿ ಇನ್ನೊಂದರ ಲಂಗಕ್ಕೆ ಆಗುತ್ತಿರಲಿಲ್ಲ. ಆಷಾಢದಲ್ಲಿ ನಾಲ್ಕು ದಿನ ಬಿಡದೆ ಸೋನೆ ಹಿಡಿಯಿತು. ಹಗ್ಗದ ಮೇಲೆ ಹಾಕಿದ್ದು ಒಣಗಲೇ ಇಲ್ಲ. ಪರೀಕ್ಷೆಯ ದಿನ ಹಸಿ ಲಂಗ ಉಟ್ಟುಕೊಂಡೇ ಹೋಗಿ ಮೂರು ಗಂಟೆ ಕುಳಿತೆ, ಸಂಜೆಗೆ ಜ್ವರ ಬಂತು. ಒಂದು ಸಾದಾ ಕಪ್ಪು ಲಂಗವಿದ್ದಿದ್ದರೆ ಎರಡು ರವಿಕೆಗೂ ಎರಡು ದಾವಣಿಗೂ ಅದು ಆಗುತ್ತಿತ್ತು. ಆ ಕಪ್ಪು ಲಂಗ ಈಗಲೂ ನನ್ನ ತಲೆಯಲ್ಲಿದೆ.

ನಾನು ತುಂಬಿಸಿರುವುದನ್ನು ನೋಡು. ಕುರ್ತಾ ಆರು, ಪ್ಯಾಂಟ್ ಮೂರು, ದುಪಟ್ಟಾ ಎರಡು. ಮೂರು ಪ್ಯಾಂಟೂ ಸಾದಾ: ಒಂದು ಕಡು ನೀಲಿ, ಒಂದು ಕಪ್ಪು, ಒಂದು ಕಾಫಿ ಬಣ್ಣ. ಆರು ಕುರ್ತಾಗಳಲ್ಲಿ ಯಾವುದನ್ನು ಯಾವ ಪ್ಯಾಂಟಿನ ಮೇಲೆ ಹಾಕಿದರೂ ಹೊಂದುತ್ತದೆ. ಲೆಕ್ಕ ಹಾಕಿದರೆ 18 ಜೊತೆಯಾಗುತ್ತದೆ. ಭಾನುವಾರಕ್ಕೊಮ್ಮೆ ಒಗೆದರೂ ವಾರ ಕಳೆಯುತ್ತದೆ, ಒಂದು ವಾರ ಒಗೆಯಲು ಆಗದಿದ್ದರೂ ಹೇಗೋ ತಳ್ಳಬಹುದು. ಹೂವು, ಬುಟ್ಟಾ, ಗೆರೆ ಏನಿದ್ದರೂ ಮೇಲಿನ ಬಟ್ಟೆಯಲ್ಲಿ ಇರಲಿ, ಕೆಳಗಿನದು ಸುಮ್ಮನಿರಲಿ. ಬಿಳಿ ಪ್ಯಾಂಟ್ ಬೇಕೆಂದು ನೀನು ಕೇಳಿದ್ದೆ. ಬೋರ್‌ವೆಲ್ ನೀರಿನಲ್ಲಿ ಬಿಳಿ ಬಟ್ಟೆ ಬೇಗ ಮಂಕಾಗುತ್ತದೆ. ತಿಂಗಳ ಆ ದಿನಗಳಲ್ಲಿ ಬಿಳಿ ಹಾಕಿಕೊಂಡು ತರಗತಿಯಲ್ಲಿ ನಿಶ್ಚಿಂತೆಯಿಂದ ಕೂರಲೂ ಆಗುವುದಿಲ್ಲ. ಆ ದಿನಗಳಿಗೆಂದೇ ಕಪ್ಪು ಪ್ಯಾಂಟಿಗೆ ಒಳಗಿನಿಂದ ಅಸ್ತರ ಕೊಟ್ಟಿದ್ದೇನೆ.

ಎಲ್ಲ ಕುರ್ತಾಗಳಿಗೂ ಬಲಗಡೆ ಜೇಬು ಹೊಲಿದಿದ್ದೇನೆ. ಮೊಬೈಲ್, ಕೋಣೆಯ ಬೀಗದ ಕೈ, ಬಸ್ಸಿನ ಚಿಲ್ಲರೆ ಅದರಲ್ಲಿ ಹಿಡಿಯುತ್ತವೆ. ಅಂಗಡಿಯಲ್ಲಿ ಸಿಗುವ ಹೆಣ್ಣುಮಕ್ಕಳ ಬಟ್ಟೆಗೆ ಜೇಬು ಇರುವುದೇ ಕಡಿಮೆ, ಇದ್ದರೂ ನಾಲ್ಕು ಬೆರಳು ಹೋಗುವುದಿಲ್ಲ. ಇಪ್ಪತ್ತು ವರ್ಷ ಹೊಲಿದ ಮೇಲೂ ಅದು ಏಕೆ ಹಾಗೆಂದು ನನಗೆ ಅರ್ಥವಾಗಿಲ್ಲ. ನೀನು ಹೊಸದು ಕೊಂಡಾಗ ಪಕ್ಕದ ಹೊಲಿಗೆಯನ್ನು ಒಳಗಿನಿಂದ ನೋಡು. ಅರ್ಧ ಇಂಚಾದರೂ ಬಟ್ಟೆ ಬಿಟ್ಟಿರಬೇಕು. ಬಿಟ್ಟಿದ್ದರೆ ದಪ್ಪಗಾದಾಗ ಬಿಚ್ಚಿಕೊಡುತ್ತೇನೆ, ಜೇಬನ್ನೂ ಸೇರಿಸಿಕೊಡುತ್ತೇನೆ. ಅಂಚಿಗೆ ಒತ್ತಿ ಓವರ್‌ಲಾಕ್ ಮಾಡಿದ್ದರೆ ನನ್ನಿಂದಲೂ ಏನೂ ಮಾಡಲಾಗದು.

ಬಟ್ಟೆಯ ಜಾತಿ ತಿಳಿದುಕೊಳ್ಳುವುದನ್ನು ನಿನಗೆ ಕಲಿಸಲೇಬೇಕು. ಅಂಗಡಿಯಲ್ಲಿ ತುದಿಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು, ಹತ್ತು ಎಣಿಸಿ ಬಿಡು. ಹಾಗೆಯೇ ಮುದುಡಿಕೊಂಡು ಉಳಿದರೆ ಅದಕ್ಕೆ ದಿನವೂ ಇಸ್ತ್ರಿ ಬೇಕು. ಹಾಸ್ಟೆಲಿನಲ್ಲಿ ಇಸ್ತ್ರಿಪೆಟ್ಟಿಗೆಗೆ ಬೆಳಿಗ್ಗೆ ಸಾಲು ನಿಲ್ಲಬೇಕಾಗುತ್ತದೆ. ಬೆಳಕಿಗೆ ಹಿಡಿದು ನೋಡು, ನಿನ್ನ ಕೈ ಕಂಡರೆ ಒಳಗೆ ಇನ್ನೊಂದು ಬಟ್ಟೆ ಹಾಕಬೇಕಾಗುತ್ತದೆ, ಅಂದರೆ ಒಗೆಯುವುದು ಎರಡಾಯಿತು. ಶುದ್ಧ ಹತ್ತಿಯೆಂದು ಹೇಳಿ ಕೊಟ್ಟರೆ ಮನೆಗೆ ತಂದ ಮೇಲೆ ಒಳಹೊಲಿಗೆಯಿಂದ ಒಂದು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಬಹುದು. ಹತ್ತಿ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಇದನ್ನು ನಮ್ಮ ಅಡುಗೆಮನೆಯಲ್ಲಿ ಮಾಡು, ಹಾಸ್ಟೆಲಿನ ಕೋಣೆಯಲ್ಲಿ ಖಂಡಿತ ಬೇಡ.

ಕೆಮಿಸ್ಟ್ರಿ ಲ್ಯಾಬ್ ಇರುವ ದಿನ ಮಾತ್ರ ಹತ್ತಿಯನ್ನೇ ಹಾಕಿಕೋ. ಕಿಡಿ ಸಿಡಿದರೆ ಸಿಂಥೆಟಿಕ್ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ. ಬಿಳಿ ಕೋಟ್ ಅನ್ನು ಹತ್ತಿಯಲ್ಲೇ, ಉದ್ದ ತೋಳಿಟ್ಟು ಹೊಲಿದಿದ್ದೇನೆ. ಆ ದಿನ ದುಪಟ್ಟಾ ಬೇಡ. ಹಾಕಿಕೊಂಡಿದ್ದರೆ ತೆಗೆದು ಚೀಲದಲ್ಲಿಡು, ಬರ್ನರ್ ಹತ್ತಿರ ಅದರ ತುದಿ ಹಾರುವುದು ಬೇಡ. ಸ್ನೇಹಿತೆಯ ಸ್ಕೂಟರಿನ ಹಿಂದೆ ಕೂರುವಾಗಲೂ ದುಪಟ್ಟಾವನ್ನು ಸುತ್ತಿ ಗಂಟು ಹಾಕಿಕೋ. ಚಕ್ರಕ್ಕೆ ಸಿಕ್ಕ ದುಪಟ್ಟಾ ಕತ್ತನ್ನೇ ಎಳೆಯುತ್ತದೆ. ಇದನ್ನು ನೂರು ಸಲ ಹೇಳಿದ್ದೇನೆ, ಮತ್ತೊಮ್ಮೆ ಬರೆಯುತ್ತಿದ್ದೇನೆ.

ಲ್ಯಾಬ್ ಇಲ್ಲದ ದಿನಗಳಿಗೆ ಹತ್ತಿ, ಪಾಲಿಯೆಸ್ಟರ್ ಬೆರೆತ ಎರಡು ಕುರ್ತಾ ಇಟ್ಟಿದ್ದೇನೆ. ಮಳೆಗಾಲದಲ್ಲಿ ಅವೇ ನಿನ್ನ ಕೈ ಹಿಡಿಯುವುದು. ಹತ್ತಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಮಿಶ್ರ ಬಟ್ಟೆ ಬೇಗ ಬಿಡುತ್ತದೆ. ಏಪ್ರಿಲ್ ಬಂದಾಗ ಲೆಕ್ಕ ತಿರುಗುತ್ತದೆ. ಆಗ ಬೆವರನ್ನು ಹೀರುವ ಹತ್ತಿಯಷ್ಟು ಹಿತವಾದದ್ದು ಇನ್ನೊಂದಿಲ್ಲ. ರೇಯಾನ್ ಮೈಗೆ ತಂಪು, ಅಂಗಡಿಯಲ್ಲಿ ಕಣ್ಣಿಗೂ ಚೆಂದ. ಆದರೆ ನೆನೆದಾಗ ಅದರ ಬಲ ಕುಗ್ಗುತ್ತದೆ, ಹಿಂಡಿದರೆ ಹೊಲಿಗೆಯ ಪಕ್ಕದಲ್ಲೇ ಪಿಸಿಯುತ್ತದೆ. ಕೊಂಡರೆ ಹಿಂಡದೆ ನೀರು ಸೋರಲು ಬಿಟ್ಟು ನೆರಳಿನಲ್ಲಿ ಒಣಹಾಕು.

ಜೀನ್ಸ್ ಒಂದೇ ಸಾಕು. ಬಕೆಟ್ ನೀರಿನಲ್ಲಿ ಅದನ್ನು ಎತ್ತಿ ಹಿಂಡುವಾಗ ನಾನು ಹೇಳಿದ್ದು ನಿನಗೇ ತಿಳಿಯುತ್ತದೆ, ಮಳೆಗಾಲದಲ್ಲಿ ಅದು ಎರಡು ದಿನಕ್ಕೂ ಒಣಗದು. ಟರ್ಕಿ ಟವೆಲ್ ಬದಲು ತೆಳುವಾದ ಎರಡು ಕೈಮಗ್ಗದ ಟವೆಲ್ ಇಟ್ಟಿರುವುದೂ ಇದೇ ಕಾರಣಕ್ಕೆ. ಒಳಉಡುಪು ಎಂಟು ಜೊತೆ ಇವೆ, ಎಲ್ಲವೂ ಹತ್ತಿಯವು. ಇದರಲ್ಲಿ ನಾಚಿಕೆ ಬೇಡ. ಬೇರೆ ಬಟ್ಟೆಯ ಕೆಳಗೆ ಬಚ್ಚಿಟ್ಟು ಒಣಗಿಸಬೇಡ, ಬಿಸಿಲಿಗೇ ಹಾಕು. ಹಸಿಯಾಗಿರುವಾಗ ಎಂದೂ ಹಾಕಿಕೊಳ್ಳಬೇಡ.

ಆಕಾಶನೀಲಿ ಸ್ವೆಟರ್ ಬೇಡವೆಂದು ನೀನು ಎರಡು ಸಲ ತೆಗೆದಿಟ್ಟೆ, ನಾನು ಎರಡು ಸಲ ವಾಪಸ್ ಇಟ್ಟೆ. ಡಿಸೆಂಬರ್ ಬೆಳಿಗ್ಗೆ ಮೈಸೂರಿನಲ್ಲಿ ಏಳು ಗಂಟೆಗೆ ಹೊರಗೆ ನಿಂತು ನೋಡು. ಮುಂದೆ ಗುಂಡಿ ಇರುವುದನ್ನೇ ಆರಿಸಿದ್ದೇನೆ, ಬಿಸಿಲೇರಿದಾಗ ತಲೆಯ ಮೇಲಿಂದ ಎಳೆಯದೆ ತೆಗೆಯಬಹುದು.

ಇನ್ನು ಸೀರೆ. ದಸರಾ ಇದೆ, ಕಾಲೇಜಿನ ಸಮಾರಂಭಗಳಿವೆ. ನನ್ನ ಮೈಸೂರು ಸಿಲ್ಕ್ ಮೇಲೆ ನಿನಗೆ ಕಣ್ಣಿದೆ ಎಂದು ಗೊತ್ತು. ಅದು ನಿನ್ನದೇ. ಆದರೆ ಅದು ಇಲ್ಲಿಯೇ ಇರಲಿ. 1912ರಲ್ಲಿ ಶುರುವಾದ ಆ ಕಾರ್ಖಾನೆಯಲ್ಲಿ ನೇಯ್ದ ಸೀರೆಗೆ ಹಾಸ್ಟೆಲಿನ ತೇವದ ಬೀರು ತಕ್ಕ ಜಾಗವಲ್ಲ. ಬೇಕಾದಾಗ ಹಿಂದಿನ ವಾರ ಹೇಳು. 45 ಕಿಲೋಮೀಟರ್ ಏನು ದೂರ, ರೈಲಿನಲ್ಲಿ ನಾನೇ ತಂದು ಉಡಿಸಿ ಹೋಗುತ್ತೇನೆ. ಸದ್ಯಕ್ಕೆ ಹಸಿರು ಹತ್ತಿ ಸೀರೆಯನ್ನೂ ಕಪ್ಪು ರವಿಕೆಯನ್ನೂ ಇಟ್ಟಿದ್ದೇನೆ. ಆ ರವಿಕೆಯಲ್ಲಿ ಎರಡು ಇಂಚು ಬಟ್ಟೆ ಒಳಗೆ ಬಿಟ್ಟಿದೆ. ಕೋಣೆಯ ಯಾವ ಹುಡುಗಿಯ ಸೀರೆಯನ್ನು ನೀನು ಉಟ್ಟರೂ ಆ ರವಿಕೆ ಹೊಂದುತ್ತದೆ, ಅವರಿಗೆ ಬೇಕಾದರೆ ಬಿಚ್ಚಿ ಸಡಿಲಿಸಿಯೂ ಕೊಡಬಹುದು.

3,000 ರೂಪಾಯಿಯನ್ನು ಬಂದ ವಾರವೇ ಖರ್ಚು ಮಾಡಬೇಡ. ಒಂದು ತಿಂಗಳು ಇದ್ದು, ಯಾವುದರ ಕೊರತೆ ಬಿತ್ತೆಂದು ನೋಡಿಕೋ. ಶಿವರಾಂಪೇಟೆಯಲ್ಲಿ ಸುತ್ತಾಡು, ದೇವರಾಜ ಅರಸು ರಸ್ತೆಯ ಅಂಗಡಿಗಳಲ್ಲಿ ಬೆಲೆ ಕೇಳು, ಕೇಳಿದ ಮಾತ್ರಕ್ಕೆ ಕೊಳ್ಳಲೇಬೇಕೆಂದಿಲ್ಲ. ಗಾಂಧಿ ಜಯಂತಿಯ ಹೊತ್ತಿಗೆ ಖಾದಿಗೆ ರಿಯಾಯಿತಿ ಇರುತ್ತದೆ, ಆಗ ಒಂದು ಒಳ್ಳೆಯ ಕುರ್ತಾ ಕೊಂಡುಕೋ. ಯಾವುದನ್ನೇ ಎತ್ತಿಕೊಂಡಾಗಲೂ ನಿನ್ನ ಬೀರುವನ್ನು ಕಣ್ಣ ಮುಂದೆ ತಂದುಕೊಂಡು, ಇದರ ಜೊತೆ ಉಡಲು ಮೂರು ಬಟ್ಟೆಯಾದರೂ ಇವೆಯೇ ಎಂದು ನೋಡು. ಇದ್ದರೆ ಕೊಳ್ಳು, ನನ್ನನ್ನು ಕೇಳಬೇಡ.

ಆ ಗೌನ್ ಮೇಲೆ ಈಗಲೂ ಮನಸ್ಸಿದ್ದರೆ ಅದರ ಬಣ್ಣವನ್ನು ನಾನು ನೆನಪಿಟ್ಟುಕೊಂಡಿದ್ದೇನೆ. ದೀಪಾವಳಿಗೆ ಬಾ, ಅದೇ ಗುಲಾಬಿಯಲ್ಲಿ ಹತ್ತಿ ರೇಷ್ಮೆಯ ಉದ್ದ ಕುರ್ತಾ ಹೊಲಿದಿಟ್ಟಿರುತ್ತೇನೆ. ಕಡು ನೀಲಿ ಪ್ಯಾಂಟಿಗೂ ಆಗುತ್ತದೆ, ಕಪ್ಪಿಗೂ ಆಗುತ್ತದೆ, ಜೀನ್ಸಿನ ಮೇಲೂ ಹಾಕಬಹುದು. ಅಳತೆ ನನ್ನ ಪುಸ್ತಕದಲ್ಲಿದೆ. ಊಟ ಸರಿಯಾಗಿ ಮಾಡದೆ ಅದನ್ನು ಕಡಿಮೆ ಮಾಡಿಕೊಂಡು ಬರಬೇಡ.

ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಸೂಜಿ, ಕಪ್ಪು, ಬಿಳಿ, ನೀಲಿ ದಾರ, ಎಂಟು ಪಿನ್ನು, ಆರು ಗುಂಡಿ ಇವೆ. ಹೊಸ ಬಣ್ಣದ ಬಟ್ಟೆಯನ್ನು ಮೊದಲ ಮೂರು ಸಲ ಬೇರೆಯಾಗಿಯೇ ನೆನೆಸು.

ನಿನ್ನ
ಅಮ್ಮ