ಷೇರು ಸೂಚ್ಯಂಕದ ಲೆಕ್ಕ: 90 ಸೆಕೆಂಡಿನ ವಿಡಿಯೊ

[ಪರದೆ: ಎರಡು ಕಂಪನಿಗಳ ಪಟ್ಟಿ]

ನಿರೂಪಣೆ: ‘ಕ’ ಕಂಪನಿಯ ಷೇರು ಬೆಲೆ 100, ಒಟ್ಟು ಷೇರು 50 ಲಕ್ಷ. ಪ್ರವರ್ತಕರ ಕೈಯಲ್ಲಿರುವುದನ್ನು ಬಿಡಿ. ಮಾರುಕಟ್ಟೆಯಲ್ಲಿ ಓಡಾಡುವ 20 ಲಕ್ಷ ಷೇರಿಗಷ್ಟೇ ಲೆಕ್ಕ. ಮೌಲ್ಯ 20 ಕೋಟಿ. ‘ಖ’ ಕಂಪನಿಯದು 30 ಕೋಟಿ. ಹಾಗಾಗಿ ತೂಕ 40%, 60%.

[ಪರದೆ: 50 ಕೋಟಿ ÷ 5 ಲಕ್ಷ = 1000]

ನಿರೂಪಣೆ: ಸೂಚ್ಯಂಕ 1000ದಿಂದ ಶುರುವಾಗಲೆಂದು ಆರಿಸಿಕೊಂಡ ಈ 5 ಲಕ್ಷವೇ ಭಾಜಕ. ‘ಕ’ 10% ಏರಿದರೆ ಮೊತ್ತ 52 ಕೋಟಿ, ಸೂಚ್ಯಂಕ 1040.

ಎಡವಟ್ಟಾಗುವುದು ಕಂಪನಿ ಬದಲಾಯಿಸುವಾಗ. ‘ಕ’ ಹೋಗಿ 11.6 ಕೋಟಿಯ ‘ಗ’ ಬಂದರೆ ಮೊತ್ತ 41.6 ಕೋಟಿಗೆ ಇಳಿಯುತ್ತದೆ. ಭಾಜಕ ಹಾಗೇ ಬಿಟ್ಟರೆ ಸೂಚ್ಯಂಕ 832! ಯಾರ ಷೇರೂ ಬಿದ್ದಿಲ್ಲ, ಆದರೂ ಕುಸಿತ. ಅದಕ್ಕೇ ಭಾಜಕವನ್ನು 4 ಲಕ್ಷಕ್ಕೆ ಇಳಿಸುತ್ತಾರೆ.

[ಪರದೆ: 41.6 ಕೋಟಿ ÷ 4 ಲಕ್ಷ = 1040]

ನಿರೂಪಣೆ: ಡೌ ಜೋನ್ಸ್ ಕೈಗಾರಿಕಾ ಸೂಚ್ಯಂಕದ ದಾರಿ ಬೇರೆ: ಅಲ್ಲಿ ತೂಕ ನಿರ್ಧರಿಸುವುದು ಷೇರಿನ ಬೆಲೆ ಮಾತ್ರ, ಕಂಪನಿಯ ಗಾತ್ರವಲ್ಲ.