ವಿದ್ಯುತ್ಕಾಂತೀಯ ಪ್ರೇರಣೆಯ ಪಾಠಕ್ಕೆ ನೋಟ್ಸ್ ಕೇಳಿದವರಿಗೆ

ನಮಸ್ಕಾರ. ವಿದ್ಯುತ್ಕಾಂತೀಯ ಪ್ರೇರಣೆಯ ಈ ವಿಡಿಯೊ ಪಾಠದ ನೋಟ್ಸ್ ಪಿಡಿಎಫ್ ರೂಪದಲ್ಲಿ ಸಿಗಬಹುದೇ, ಪರೀಕ್ಷೆಗೆ ಅಷ್ಟು ಸಾಕಾಗುವುದೇ ಎಂದು ಕೇಳಿದ್ದೀರಿ. ಕಳುಹಿಸಿಕೊಡುವಂಥ ನೋಟ್ಸ್ ನನ್ನಲ್ಲಿಲ್ಲ. ಚಿತ್ರೀಕರಣಕ್ಕೆ ಮುನ್ನ ನಾನು ಬರೆದಿಟ್ಟುಕೊಳ್ಳುವುದು ಮಾತಿನ ಕ್ರಮ ತಪ್ಪದಿರಲೆಂದು ಕೆಲವು ತುಂಡು ಸಾಲುಗಳನ್ನಷ್ಟೇ. ಅವನ್ನು ಓದಿ ಯಾರೂ ವಿಷಯವನ್ನು ಕಲಿಯಲಾರರು.

ಅದಕ್ಕಿಂತ ಎಷ್ಟೋ ಅಚ್ಚುಕಟ್ಟಾದ ಬರಹ ಉಚಿತವಾಗಿಯೇ ದೊರೆಯುತ್ತದೆ. ಓಪನ್‌ಸ್ಟ್ಯಾಕ್ಸ್ ಪ್ರಕಟಿಸಿರುವ ‘ಯೂನಿವರ್ಸಿಟಿ ಫಿಸಿಕ್ಸ್’ ಪಠ್ಯದ 2ನೆಯ ಸಂಪುಟದಲ್ಲಿ 13ನೆಯ ಅಧ್ಯಾಯ ಇದೇ ವಿಷಯಕ್ಕೆ ಮೀಸಲಾಗಿದೆ. ಅದನ್ನು ಹಣ ಕೊಡದೆ ಇಳಿಸಿಕೊಳ್ಳಬಹುದು. ಭಾಷೆ ಇಂಗ್ಲಿಷ್, ಕ್ಯಾಲ್ಕುಲಸ್ ಪರಿಚಯವಿರಬೇಕು, ಮತ್ತು ಹಿಂಬದಿಯಲ್ಲಿ ಬೆಸಸಂಖ್ಯೆಯ ಲೆಕ್ಕಗಳಿಗೆ ಮಾತ್ರ ಉತ್ತರಗಳಿವೆ. ಕ್ಯಾಲ್ಕುಲಸ್ ಇನ್ನೂ ಕಲಿತಿಲ್ಲವಾದರೆ ಅದೇ ಸಂಸ್ಥೆಯ ‘ಕಾಲೇಜ್ ಫಿಸಿಕ್ಸ್’ನ 23ನೆಯ ಅಧ್ಯಾಯದಿಂದ ತೊಡಗಿರಿ. ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ತಾಣದಲ್ಲಿ ಆಯಸ್ಕಾಂತವನ್ನು ಸುರುಳಿಯೊಳಗೆ ಸರಿಸಿ ನೋಡುವ ಪ್ರಯೋಗವಿದೆ. ಆಯಸ್ಕಾಂತ ನಿಂತೊಡನೆ ಮಾಪಕದ ಮುಳ್ಳು ಸೊನ್ನೆಗೆ ಮರಳುವುದನ್ನು ಒಮ್ಮೆ ಕಣ್ಣಾರೆ ಕಂಡರೆ ಪ್ರೇರಣೆಯ ಸೂತ್ರದ ಅರ್ಧ ಅರ್ಥ ಅಲ್ಲೇ ತಿಳಿಯುತ್ತದೆ. ಫೈನ್‌ಮನ್ನರ ಉಪನ್ಯಾಸಗಳನ್ನೂ ಕ್ಯಾಲ್‌ಟೆಕ್‌ನ ತಾಣದಲ್ಲಿ ಉಚಿತವಾಗಿ ಓದಬಹುದು, ಆದರೆ ಅವು ಓದಲಷ್ಟೇ ಮುಕ್ತವಾಗಿರುವುದರಿಂದ ಪ್ರತಿಮಾಡಿ ಹಂಚುವಂತಿಲ್ಲ. ಮೊದಲ ಓದಿಗೆ ಅವನ್ನು ನಾನು ಸೂಚಿಸುವುದೂ ಇಲ್ಲ.

ಇನ್ನು ಪರೀಕ್ಷೆಗೆ ಇಷ್ಟು ಸಾಕೇ ಎಂಬ ಪ್ರಶ್ನೆ. ಸಾಲದು. ಈ ಪಾಠದಲ್ಲಿ ನಾನು ಎಲ್ಲೆಡೆ ಒಂದೇ ಸಮನಾದ ಕಾಂತಕ್ಷೇತ್ರವನ್ನೂ ಸಮತಟ್ಟಾದ ಸುರುಳಿಯನ್ನೂ ಮಾತ್ರ ತೆಗೆದುಕೊಂಡಿದ್ದೇನೆ. ಸ್ವಪ್ರೇರಣೆ, ಸುಳಿ ಪ್ರವಾಹ, ಟ್ರಾನ್ಸ್‌ಫಾರ್ಮರ್ ಯಾವುವೂ ಇದರಲ್ಲಿಲ್ಲ. ನಿಮ್ಮ ಪಠ್ಯಕ್ರಮ ಯಾವುದೆಂದು ತಿಳಿಯದೆ ಯಾವ ಪ್ರಶ್ನೆ ಬರಬಹುದೆಂದು ಹೇಳುವುದೂ ನನಗೆ ಸಾಧ್ಯವಿಲ್ಲ. ‘ಮುಖ್ಯ ಪ್ರಶ್ನೆಗಳು’ ಎಂಬ ಪಟ್ಟಿಯನ್ನು ನಾನು ಕೊಡುವುದಿಲ್ಲ.

ಹಾಗಿದ್ದರೂ, ಸ್ವಂತ ನೋಟ್ಸ್ ಬರೆಯುವಾಗ ಒಂದು ಕಡೆ ವಿಶೇಷವಾಗಿ ನಿಲ್ಲಿರಿ. ಕಾಂತೀಯ ಅಭಿವಾಹದ ಸೂತ್ರವಾದ Φ = BA cos θ ಎಂಬಲ್ಲಿ θ ಎಂಬುದು ಕ್ಷೇತ್ರಕ್ಕೂ ಸುರುಳಿಯ ಸಮತಲಕ್ಕೂ ನಡುವಿನ ಕೋನವಲ್ಲ, ಆ ಸಮತಲಕ್ಕೆ ಎಳೆದ ಲಂಬಕ್ಕೂ ಕ್ಷೇತ್ರಕ್ಕೂ ನಡುವಿನ ಕೋನ; ಪ್ರಶ್ನೆಯಲ್ಲಿ ‘ಸಮತಲದೊಂದಿಗೆ 30°’ ಎಂದಿದ್ದರೆ ನೀವು ಬಳಸಬೇಕಾದದ್ದು 60°. ಬಹಳಷ್ಟು ಅಂಕಗಳು ಸೋರಿಹೋಗುವುದು ಇಲ್ಲಿಯೇ. ಜೊತೆಗೆ, ε = −N dΦ/dt ಸೂತ್ರದ ಋಣ ಚಿಹ್ನೆಯನ್ನು ಬರಿದೇ ಬಾಯಿಪಾಠ ಮಾಡದೆ, ಪ್ರೇರಿತ ಪ್ರವಾಹವು ಅಭಿವಾಹದ ಬದಲಾವಣೆಯನ್ನು ವಿರೋಧಿಸದೆ ಬೆಂಬಲಿಸಿದ್ದರೆ ಶಕ್ತಿ ಎಲ್ಲಿಂದ ಬರಬೇಕಾಗುತ್ತಿತ್ತು ಎಂದು ಕೇಳಿಕೊಂಡು, ಉತ್ತರವನ್ನು ನಿಮ್ಮದೇ ಮಾತಿನಲ್ಲಿ ಬರೆಯಿರಿ.

ಬಿಡಿಸಲಾಗದ ಲೆಕ್ಕವಿದ್ದಲ್ಲಿ, ನೀವು ಎಲ್ಲಿಯವರೆಗೆ ಬಂದಿರಿ ಎಂಬ ಹಂತಗಳ ಸಮೇತ ಇಲ್ಲಿಯೇ ಬರೆಯಿರಿ. ಎಲ್ಲದಕ್ಕೂ ಉತ್ತರಿಸಲು ಸಮಯ ಸಿಗುವುದಿಲ್ಲ, ಆದರೆ ಹಲವರಿಗೆ ಎದುರಾಗುವ ತೊಡಕಾದರೆ ಖಂಡಿತ ವಿವರಿಸುತ್ತೇನೆ.