ಪೂರ್ಣಾಂಕಗಳ ಮಿಶ್ರ ವರ್ಕ್‌ಶೀಟ್: ಕೀ ಉತ್ತರಗಳು, ಜೊತೆಗೆ ಚಿಹ್ನೆಗಳ ವಿವರಣೆ

ಮೊದಲು ಲೆಕ್ಕ ನೀವೇ ಮಾಡಿ, ಆಮೇಲೆ ಇದನ್ನು ತೆರೆಯಿರಿ. ಉತ್ತರ ತಪ್ಪಾಗಿದ್ದರೆ ಅಳಿಸಬೇಡಿ. ನಿಮಗೆ ಬಂದ ತಪ್ಪು ಉತ್ತರವೇ ಎಲ್ಲಿ ಎಡವಿದ್ದೀರಿ ಎಂದು ಹೇಳುತ್ತದೆ. ಅದಕ್ಕೇ ಹಲವು ಕಡೆ ಸಾಮಾನ್ಯವಾಗಿ ಬರುವ ತಪ್ಪು ಉತ್ತರವನ್ನೂ ಬರೆದಿದ್ದೇನೆ.

ಕೂಡುವುದು

1) (−8) + (−5) = −13
2) (−14) + 9 = −5
3) 17 + (−6) = 11

ಚಿಹ್ನೆ ಒಂದೇ ಆಗಿದ್ದರೆ ಸಂಖ್ಯೆಗಳನ್ನು ಕೂಡಿ, ಅದೇ ಚಿಹ್ನೆ ಹಾಕಿ. ಚಿಹ್ನೆ ಬೇರೆ ಬೇರೆಯಾಗಿದ್ದರೆ ದೊಡ್ಡದರಿಂದ ಚಿಕ್ಕದನ್ನು ಕಳೆದು, ದೊಡ್ಡದರ ಚಿಹ್ನೆ ಹಾಕಿ. ಇಲ್ಲಿ ದೊಡ್ಡದು ಅಂದರೆ ಚಿಹ್ನೆ ಬಿಟ್ಟು ನೋಡಿದಾಗ ದೊಡ್ಡದು, ಅಂದರೆ ಸೊನ್ನೆಯಿಂದ ಜಾಸ್ತಿ ದೂರ ಇರುವುದು. 2ನೇ ಲೆಕ್ಕದಲ್ಲಿ 9ಕ್ಕಿಂತ 14 ಸೊನ್ನೆಯಿಂದ ದೂರ. ಅದರ ಚಿಹ್ನೆ ಮೈನಸ್, ಉತ್ತರಕ್ಕೂ ಮೈನಸ್.

1ನೇ ಲೆಕ್ಕಕ್ಕೆ 13 ಎಂದು ಬರೆದವರು ಸ್ವಲ್ಪ ನಿಲ್ಲಿ. "ಮೈನಸ್ ಮೈನಸ್ ಪ್ಲಸ್" ಎಂದು ಬಾಯಿಪಾಠ ಮಾಡಿದ್ದೀರಿ, ಅಲ್ವಾ? ಆ ಮಾತು ಗುಣಿಸುವಾಗ, ಭಾಗಿಸುವಾಗ ಸರಿ. ಕೂಡುವಾಗ ಅದಕ್ಕೆ ಕೆಲಸವೇ ಇಲ್ಲ. ಸಂಖ್ಯಾರೇಖೆಯಲ್ಲಿ ಸೊನ್ನೆಯಿಂದ ಎಡಕ್ಕೆ 8 ಹೆಜ್ಜೆ ಹೋಗಿ, ಮತ್ತೆ ಎಡಕ್ಕೇ 5 ಹೆಜ್ಜೆ ಹೋದರೆ ಬಲಗಡೆ ಹೇಗೆ ತಲುಪುತ್ತೀರಿ? ಈ ಅರ್ಧಂಬರ್ಧ ಸೂತ್ರವನ್ನು ಮರೆತರೇ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ.

ಕಳೆಯುವುದು

4) 6 − 15 = −9
5) (−7) − (−12) = 5
6) (−4) − 9 = −13

ಕಳೆಯುವುದು ಅಂದರೆ ವಿರುದ್ಧ ಸಂಖ್ಯೆಯನ್ನು ಕೂಡುವುದು. 5ನೇ ಲೆಕ್ಕವನ್ನು (−7) + 12 ಎಂದು ತಿರುಗಿಸಿ ಬರೆದರೆ ಅದು 2ನೇ ಲೆಕ್ಕದ ಥರದ್ದೇ. ಬದಲಾಗುವುದು ನಡುವಿನ ಚಿಹ್ನೆ ಮತ್ತು ಅದರ ನಂತರದ ಸಂಖ್ಯೆ ಮಾತ್ರ. ಮೊದಲ ಸಂಖ್ಯೆಯನ್ನು ಮುಟ್ಟಬಾರದು. ಉತ್ತರ 19 ಬಂದಿದ್ದರೆ −7ನ್ನೂ 7 ಮಾಡಿದ್ದೀರಿ. −19 ಬಂದಿದ್ದರೆ 12ರ ಹಿಂದಿನ ಮೈನಸ್ ನೋಡಿಲ್ಲ.

ತಾಳೆ ನೋಡಲು ಉತ್ತರಕ್ಕೆ ಕಳೆದ ಸಂಖ್ಯೆಯನ್ನು ಕೂಡಿ: 5 + (−12) = −7. ಮೊದಲಿದ್ದದ್ದೇ ಬಂತು, ಸರಿ.

ಗುಣಿಸುವುದು, ಭಾಗಿಸುವುದು

7) (−6) × 7 = −42
8) (−9) × (−8) = 72
9) (−56) ÷ 8 = −7
10) (−45) ÷ (−5) = 9
11) (−2) × (−3) × (−5) = −30

ಎರಡೂ ಚಿಹ್ನೆ ಒಂದೇ ಆದರೆ ಉತ್ತರ ಧನ, ಬೇರೆಯಾದರೆ ಋಣ. 8ನೇ ಲೆಕ್ಕದಲ್ಲಿ ಎರಡು ಋಣ ಸಂಖ್ಯೆ ಗುಣಿಸಿದರೆ ಧನ ಯಾಕೆ ಬರಬೇಕು ಎನ್ನುವುದು ನ್ಯಾಯವಾದ ಪ್ರಶ್ನೆ. ಈ ಸಾಲುಗಳನ್ನು ಮೇಲಿನಿಂದ ಕೆಳಗೆ ಓದಿ:

(−9) × 2 = −18
(−9) × 1 = −9
(−9) × 0 = 0
(−9) × (−1) = ?

ಪ್ರತಿ ಸಾಲಿಗೂ ಉತ್ತರ 9 ಏರುತ್ತಿದೆ. ಸೊನ್ನೆಯಾದ ಮೇಲೆ ಬರಬೇಕಾದದ್ದು 9. ಹೀಗೇ ಇಳಿದರೆ (−8)ರ ಸಾಲಿನಲ್ಲಿ 72 ಸಿಗುತ್ತದೆ.

ಸಾಲು ಹೀಗೇ ಮುಂದುವರಿಯುತ್ತದೆ ಎಂದು ಸುಮ್ನೆ ನಂಬುವುದು ಹೇಗೆ ಎನ್ನುವವರಿಗೆ ಇನ್ನೊಂದು ದಾರಿ. 8 + (−8) ಸೊನ್ನೆ, ಆದ್ದರಿಂದ (−9) × [8 + (−8)] ಕೂಡ ಸೊನ್ನೆ. ಆವರಣ ಬಿಡಿಸಿದರೆ −72 + (−9) × (−8) = 0. −72ಕ್ಕೆ ಏನು ಕೂಡಿದರೆ ಸೊನ್ನೆ? 72 ಮಾತ್ರ.

ಭಾಗಾಕಾರ ಗುಣಾಕಾರದ ಉಲ್ಟಾ, ಹಾಗಾಗಿ ನಿಯಮವೂ ಅದೇ. (−7) × 8 = −56, 9ನೇ ಉತ್ತರ ತಾಳೆಯಾಯಿತು.

11ರಲ್ಲಿ ಮೈನಸ್‌ಗಳನ್ನು ಎಣಿಸಿ. ಬೆಸವಾದರೆ ಋಣ, ಸಮವಾದರೆ ಧನ. ಇಲ್ಲಿ 3 ಇವೆ.

ಎಲ್ಲ ಸೇರಿದ ಲೆಕ್ಕಗಳು

12) (−3)² = 9, ಆದರೆ −3² = −9

ಆವರಣ ಇದ್ದರೆ ಮೈನಸ್ ಕೂಡ ವರ್ಗವಾಗುತ್ತದೆ. ಇಲ್ಲದಿದ್ದರೆ ಮೊದಲು 3ರ ವರ್ಗ, ಆಮೇಲೆ ಮೈನಸ್. ಎರಡಕ್ಕೂ 9 ಬರೆದರೆ ಅರ್ಧ ಅಂಕ.

13) 10 − 4 × (−3) = 10 − (−12) = 22

−18 ಬಂದವರು ಮೊದಲು 10ರಿಂದ 4 ಕಳೆದಿದ್ದೀರಿ. −2 ಬಂದವರ ಕ್ರಮ ಸರಿಯಿದೆ, 12ರ ಮೈನಸ್ ಮಾತ್ರ ಕಳೆದುಹೋಗಿದೆ.

14) (−18) ÷ 3 + (−5) × 2 − (−4)
= (−6) + (−10) + 4
= −16 + 4
= −12

ಇದಕ್ಕೆ 3 ಅಂಕ, ಸಾಲಿಗೊಂದು. ಕೊನೆಯ ಉತ್ತರ ತಪ್ಪಿದ್ದರೂ ಸರಿಯಾದ ಸಾಲುಗಳಿಗೆ ಅಂಕ ಕೊಟ್ಟುಕೊಳ್ಳಿ. ಬರೀ −12 ಬರೆದು ಹಂತ ತೋರಿಸದಿದ್ದರೆ 1 ಅಂಕ ಮಾತ್ರ.

15) 0 ÷ (−7) = 0. (−7) ÷ 0ಕ್ಕೆ ಉತ್ತರವಿಲ್ಲ, ಏಕೆಂದರೆ ಸೊನ್ನೆಯಿಂದ ಯಾವುದನ್ನು ಗುಣಿಸಿದರೂ −7 ಬರುವುದಿಲ್ಲ. ಮೊದಲನೆಯದಕ್ಕೆ −0 ಎಂದು ಬರೆದಿದ್ದರೆ ಮೈನಸ್ ತೆಗೆಯಿರಿ. ಸೊನ್ನೆ ಧನವೂ ಅಲ್ಲ, ಋಣವೂ ಅಲ್ಲ.